ಮುನ್ನೂರರ ಗುಟ್ಟು ಬಣ್ಣದ ಬಾನಿಯಲ್ಲಿ

‘ಮಾನ್ಯರೇ, ನಾನು ಆನ್‌ಲೈನಿನಲ್ಲಿ ಟೀ ಶರ್ಟ್ ಮಾರಾಟ ಶುರು ಮಾಡುತ್ತಿದ್ದೇನೆ. ನಾಲ್ಕು ಬಣ್ಣಗಳಲ್ಲಿ ಒಟ್ಟು ನೂರು ಪೀಸ್ ಬೇಕು. ನಿಮ್ಮ ಕಡೆಯ ರೇಟು ತಿಳಿಸಿ. ಮಾರಾಟ ಚೆನ್ನಾಗಿ ಆದರೆ ಮುಂದೆ ದೊಡ್ಡ ಆರ್ಡರ್ ಕೊಡುತ್ತೇನೆ.’

ಹೊಸದಾಗಿ ವ್ಯಾಪಾರಕ್ಕಿಳಿದವರು ತಿರುಪ್ಪೂರಿನ ಟೀ ಶರ್ಟ್ ಫ್ಯಾಕ್ಟರಿಗಳಿಗೆ ಬರೆಯುವ ಮೊದಲ ಇಮೇಲ್ ಸಾಮಾನ್ಯವಾಗಿ ಹೀಗೇ ಇರುತ್ತದೆ. ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಎಂಒಕ್ಯೂ 300 ಪೀಸ್. ದರ ರೂ. 190, ಜಿಎಸ್‌ಟಿ ಬೇರೆ.’ ಎಷ್ಟೋ ಸಲ ಅಷ್ಟೂ ಬರುವುದಿಲ್ಲ.

ಎಂಒಕ್ಯೂ ಎಂದರೆ ತಯಾರಕರು ಒಪ್ಪಿಕೊಳ್ಳುವ ಅತಿ ಕಡಿಮೆ ಆರ್ಡರ್. ಅದಕ್ಕಿಂತ ಕಡಿಮೆ ಕೇಳಿದರೆ ಅವರು ಮಾಡಿಕೊಡುವುದಿಲ್ಲ. ಹೊಸಬರ ಕಣ್ಣಿಗೆ ಇದು ದೊಡ್ಡವರ ದೌಲತ್ತಿನಂತೆ ಕಾಣುತ್ತದೆ. ಸಂತೆಯಲ್ಲಿ ಮಾಡಿದ ಹಾಗೆ ‘ಸ್ವಲ್ಪ ನೋಡಿ ಮಾಡಿ ಸರ್’ ಎಂದು ಚೌಕಾಸಿಗೆ ಕೂರುತ್ತಾರೆ. ಆದರೆ ಈ ಮುನ್ನೂರು ಯಾರ ಮರ್ಜಿಯಿಂದಲೂ ಹುಟ್ಟಿದ್ದಲ್ಲ. ಅದು ಎಲ್ಲಿಂದ ಬಂತು ಎಂದು ತಿಳಿದವರ ಇಮೇಲೇ ಬೇರೆ ಥರ ಇರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳು ಕನ್ನಡ ರಾಜ್ಯೋತ್ಸವದ ಹೊತ್ತಿಗೆ ಕನ್ನಡ ಅಕ್ಷರಗಳ ಟೀ ಶರ್ಟ್ ಮಾರಬೇಕೆಂದು ಆಗಸ್ಟಿನಲ್ಲಿ ಹೊರಟಿದ್ದಾಳೆ. ಕೈಯಲ್ಲಿರುವುದು 60,000 ರೂಪಾಯಿ. ಮೇಲಿನ ಇಮೇಲ್ ಆಕೆಯದೇ ಅಂದುಕೊಳ್ಳಿ. ಮುಂದೆ ಬರುವ ದರಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ದುಂಡಗೆ ಮಾಡಿದ್ದೇನೆ. ನೂಲಿನ ದರ ಏರಿಳಿದಂತೆ ಇವೂ ಬದಲಾಗುತ್ತವೆ, ಆದರೆ ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲ ಎಡವು

‘300 ಪೀಸ್’ ಎಂಬ ಉತ್ತರ ನೋಡಿ ಆಕೆ ಲೆಕ್ಕ ಹಾಕಿದಳು. ಬಣ್ಣಕ್ಕೆ 75ರಂತೆ ನಾಲ್ಕು ಬಣ್ಣ, 57,000 ರೂಪಾಯಿ. ಹೇಗೋ ಹೊಂದಿಸಬಹುದು ಎಂದು ‘ಆಗಲಿ’ ಎಂದಳು. ಮಾರನೆಯ ದಿನ ಬಂದ ಉತ್ತರ: ‘300 ಒಟ್ಟಿಗಲ್ಲ ಮೇಡಂ, ಒಂದೊಂದು ಬಣ್ಣಕ್ಕೆ.’ ಅಂದರೆ 1,200 ಪೀಸ್, 2,28,000 ರೂಪಾಯಿ.

ಫ್ಯಾಕ್ಟರಿಯವರು ಮೋಸ ಮಾಡಲಿಲ್ಲ. ಉಡುಪಿನ ಧಂಧೆಯಲ್ಲಿ ಎಂಒಕ್ಯೂ ಎಂದರೆ ಸಾಮಾನ್ಯವಾಗಿ ಒಂದು ಡಿಸೈನಿಗೆ, ಒಂದು ಬಣ್ಣಕ್ಕೆ ಎಂದೇ ಅರ್ಥ. ಅದು ಅವರಿಗೆ ಎಷ್ಟು ರೂಢಿಯ ಮಾತೆಂದರೆ ಬಿಡಿಸಿ ಹೇಳಬೇಕೆಂದೂ ಅನ್ನಿಸುವುದಿಲ್ಲ. ಸೈಜುಗಳು ಮಾತ್ರ ಆ ಮುನ್ನೂರರ ಒಳಗೇ ಹಂಚಿಕೊಳ್ಳುತ್ತವೆ. ಎಸ್, ಎಂ, ಎಲ್, ಎಕ್ಸ್ಎಲ್ ಎಲ್ಲ ಸೇರಿ ಕಪ್ಪು ಬಣ್ಣದಲ್ಲಿ 300 ಎಂದರೆ ಅವರಿಗೆ ಒಪ್ಪಿಗೆ. ಸೈಜು ಬದಲಾದರೆ ತೊಂದರೆಯಿಲ್ಲ, ಬಣ್ಣ ಬದಲಾದರೆ ತೊಂದರೆ ಎಂಬುದೇ ಮುನ್ನೂರರ ಮೂಲವನ್ನು ತೋರಿಸುವ ಸುಳಿವು.

ಬಾನಿ ತುಂಬಬೇಕು

ತಿರುಪ್ಪೂರಿನಲ್ಲಿ ಟೀ ಶರ್ಟ್ ಹೊಲಿಯುವ ಫ್ಯಾಕ್ಟರಿ ಹೆಚ್ಚಾಗಿ ತಾನೇ ಬಣ್ಣ ಹಾಕುವುದಿಲ್ಲ. ನೂಲು ಒಂದು ಕಡೆ, ನಿಟ್ಟಿಂಗ್ ಇನ್ನೊಂದು ಕಡೆ, ಬಣ್ಣ ಮತ್ತೊಂದು ಕಡೆ. ಹೆಣೆದ ಬಿಳಿಚು ಬಟ್ಟೆಯನ್ನು ಡೈಯಿಂಗ್ ಯೂನಿಟ್ಟಿಗೆ ಕಳಿಸಿ, ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟು ಬಣ್ಣ ಹಾಕಿಸಿ ತರುತ್ತಾರೆ. ಅಲ್ಲಿರುವುದು ಮುಚ್ಚಿದ ದೊಡ್ಡ ಬಾನಿಯಂಥ ಯಂತ್ರಗಳು. ಒಂದೊಂದಕ್ಕೆ 50 ಕೆಜಿ, 100 ಕೆಜಿ, 250 ಕೆಜಿ, ಹೀಗೆ ಒಂದೊಂದು ಅಳತೆ. ಬಟ್ಟೆ ಹಗ್ಗದಂತೆ ಸುತ್ತುತ್ತಾ ಬಿಸಿ ಬಣ್ಣದ ನೀರಿನಲ್ಲಿ ಗಂಟೆಗಟ್ಟಲೆ ತಿರುಗುತ್ತದೆ.

ನಾವು ಮನೆಯಲ್ಲಿ ಹಾಕುವ ಸಾಧಾರಣ ದಪ್ಪದ ಹತ್ತಿ ಟೀ ಶರ್ಟಿನ ಬಟ್ಟೆ 180 ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ 180 ಗ್ರಾಂ ತೂಗುತ್ತದೆ ಎಂದು ಅರ್ಥ. ಕತ್ತರಿಸುವಾಗ ಹೋಗುವ ಚೂರುಗಳೂ ಸೇರಿ ಒಂದು ಕೆಜಿ ಬಟ್ಟೆಗೆ ಸುಮಾರು ನಾಲ್ಕೂವರೆ ಟೀ ಶರ್ಟ್ ಬರುತ್ತವೆ. 100 ಕೆಜಿಯ ಯಂತ್ರವನ್ನು ಮುಕ್ಕಾಲು ಭಾಗ ತುಂಬಿ, ತೊಳೆದು ಒಣಗಿಸುವಾಗಿನ ನಷ್ಟ ಕಳೆದರೆ ಉಳಿಯುವ 70 ಕೆಜಿಗೆ ಸುಮಾರು 315 ಟೀ ಶರ್ಟ್. ಆ ಮುನ್ನೂರು ಬಂದದ್ದು ಇಲ್ಲಿಂದ.

ನಮ್ಮ ಹುಬ್ಬಳ್ಳಿಯ ವ್ಯಾಪಾರಿ ಕೇಳಿದ್ದು ಬಣ್ಣಕ್ಕೆ 25. ಅದಕ್ಕೆ ಬೇಕಾದ ಬಟ್ಟೆ ಐದೂವರೆ ಕೆಜಿ. ನೂರು ಕೆಜಿಯ ಯಂತ್ರದಲ್ಲಿ ಅಷ್ಟು ಬಟ್ಟೆ ಸರಿಯಾಗಿ ತಿರುಗುವುದೂ ಇಲ್ಲ. ತಿರುಗಿದರೂ ನೀರು, ಹಬೆ, ಕರೆಂಟು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಬಟ್ಟೆಗೂ ನೀರಿಗೂ ಇರುವ ಪ್ರಮಾಣ ತಪ್ಪಿದರೆ ಒಪ್ಪಿದ ಶೇಡೂ ಬರುವುದಿಲ್ಲ.

ತಿರುಪ್ಪೂರಿನಲ್ಲಿ ನೀರಿಗೆ ಇನ್ನೊಂದು ಬೆಲೆಯೂ ಇದೆ. ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿದ ಕಾರಣಕ್ಕೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿತ್ತು. ಒಂದು ಹನಿಯನ್ನೂ ಹೊರಗೆ ಬಿಡದೆ, ಶುದ್ಧೀಕರಿಸಿ ಮತ್ತೆ ಬಳಸಬೇಕೆಂಬ ಷರತ್ತಿನ ಮೇಲೆಯೇ ಅವು ನಡೆಯಬೇಕು. ಹೀಗಾಗಿ ಬಾನಿಗೆ ಸುರಿಯುವ ನೀರಿಗೆ ಖರ್ಚು ಎರಡು ಸಲ: ಕಾಯಿಸುವಾಗ ಒಮ್ಮೆ, ಶುದ್ಧೀಕರಿಸುವಾಗ ಮತ್ತೊಮ್ಮೆ. ಅರ್ಧ ಖಾಲಿ ಬಾನಿ ಓಡಿಸಲು ಯಾರೂ ಮುಂದೆ ಬರುವುದಿಲ್ಲ.

ಮೂರು ಪ್ರಶ್ನೆಗಳ ಇಮೇಲ್

ಇದು ತಿಳಿದ ಮೇಲೆ ಆಕೆ ಬರೆದ ಎರಡನೆಯ ಇಮೇಲಿನಲ್ಲಿ ರೇಟು ಇಳಿಸಿ ಎಂಬ ಮಾತೇ ಇರಲಿಲ್ಲ. ಇದ್ದದ್ದು ಮೂರು ಪ್ರಶ್ನೆ. ಹೊಸದಾಗಿ ಬಣ್ಣ ಹಾಕಿಸದೆ, ನಿಮ್ಮ ಗೋಡೌನಿನಲ್ಲಿ ಈಗಾಗಲೇ ಸಿದ್ಧವಿರುವ ಬಣ್ಣಗಳು ಯಾವುವು? ಆ ಬಟ್ಟೆಯಲ್ಲಿ ಮಾಡಿದರೆ ಎಂಒಕ್ಯೂ ಎಷ್ಟು? ಅದೇ ಟೀ ಶರ್ಟಿಗೆ 100, 200, 300 ಪೀಸಿನ ದರ ಬೇರೆ ಬೇರೆಯಾಗಿ ಎಷ್ಟಾಗುತ್ತದೆ?

ಉತ್ತರ ಬಂತು: ‘ಕಪ್ಪು, ಬಿಳಿ, ನೇವಿ ಸ್ಟಾಕ್ ಇದೆ. ಸ್ಟಾಕ್ ಬಣ್ಣಕ್ಕೆ 200 ಪೀಸಾದರೆ ಮಾಡಬಹುದು. 100ಕ್ಕೆ ರೂ. 230, 200ಕ್ಕೆ ರೂ. 200, 300ಕ್ಕೆ ರೂ. 190. ನೂರನ್ನು ಮಾಡುವುದು ನಮಗೆ ಇಷ್ಟವಿಲ್ಲ.’

ಈ ಮೂರು ದರಗಳು ಬಹಳ ಹೇಳುತ್ತವೆ. 100 ಪೀಸಿನ ಒಟ್ಟು ಬೆಲೆ 23,000, 300 ಪೀಸಿನದು 57,000. ಹೆಚ್ಚಾದ 200 ಪೀಸಿಗೆ ಹೆಚ್ಚಾದ ಹಣ 34,000. ಅಂದರೆ ಒಂದು ಟೀ ಶರ್ಟಿನ ಬಟ್ಟೆ, ಹೊಲಿಗೆ, ಪ್ರಿಂಟು, ಪ್ಯಾಕಿಂಗ್, ಲಾಭ ಎಲ್ಲ ಸೇರಿ 170 ರೂಪಾಯಿ. ನೂರು ಪೀಸಿಗೆ ಅದು 17,000. ಕೇಳಿದ್ದು 23,000. ನಡುವಿನ 6,000 ರೂಪಾಯಿ ಟೀ ಶರ್ಟಿನ ಸಂಖ್ಯೆಗೆ ಸಂಬಂಧವಿಲ್ಲದ ಖರ್ಚು. ನೂರು ಮಾಡಿದರೂ ಅಷ್ಟೇ, ಮುನ್ನೂರು ಮಾಡಿದರೂ ಅಷ್ಟೇ. ಇನ್ನೂರಕ್ಕೆ ಹಾಕಿ ನೋಡಿ: 34,000ಕ್ಕೆ 6,000 ಸೇರಿಸಿದರೆ 40,000, ಪೀಸಿಗೆ ಸರಿಯಾಗಿ 200.

ನಿಜವಾದ ಕೊಟೇಶನ್ ಇಷ್ಟು ನಯವಾಗಿ ಹೊಂದಿಕೊಳ್ಳುವುದಿಲ್ಲ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗುತ್ತದೆ. ಆದರೂ ಮೂರು ಪ್ರಮಾಣಕ್ಕೆ ದರ ಕೇಳಿದರೆ ಎಲ್ಲಿ ಜಗ್ಗಬಹುದು, ಎಲ್ಲಿ ಜಗ್ಗಬಾರದು ಎಂಬುದು ಅಂದಾಜಾಗುತ್ತದೆ. ಒಂದೇ ದರ ಕೇಳಿದವರಿಗೆ ಇದು ಕಾಣುವುದೇ ಇಲ್ಲ.

ಆ 6,000 ಯಾವುದರ ಖರ್ಚು? ಪ್ಯಾಟರ್ನ್ ಮತ್ತು ಸ್ಯಾಂಪಲ್ ಒಂದು. ಪ್ರಿಂಟಿನ ಒಂದೊಂದು ಬಣ್ಣಕ್ಕೂ ಬೇಕಾಗುವ ಸ್ಕ್ರೀನ್ ಇನ್ನೊಂದು. ಇವೆರಡೂ ಒಮ್ಮೆ ಮಾಡಿದರೆ ಮುಗಿಯಿತು, ಮುಂದಿನ ಆರ್ಡರಿಗೂ ಅವೇ ಸಾಕು. ಉಳಿದದ್ದು ಪ್ರತಿ ಸಲದ ಖರ್ಚು: ಕಟಿಂಗ್ ಮೇಜಿನ ಮೇಲೆ ಬಟ್ಟೆ ಹಾಸುವುದು, ಹೊಲಿಗೆಯ ಲೈನಿನಲ್ಲಿ ನಡೆಯುತ್ತಿದ್ದ ಕೆಲಸ ನಿಲ್ಲಿಸಿ ದಾರ, ಮೆಷಿನ್ ಬದಲಿಸಿ ಹೊಸ ಡಿಸೈನಿಗೆ ಕೈ ಕೂರಿಸುವುದು. ಹೊಲಿಯುವವರಿಗೆ ಕೈ ಹಿಡಿತಕ್ಕೆ ಬರುವಷ್ಟರಲ್ಲಿ ನೂರು ಪೀಸು ಮುಗಿದೇ ಹೋಗಿರುತ್ತದೆ. ‘ನೂರು ಇಷ್ಟವಿಲ್ಲ’ ಎಂದದ್ದು ಇದಕ್ಕೇ.

ಕೊಟ್ಟು ಕೇಳಿದ ಇಮೇಲ್

ಈಗ ಮೂರನೆಯ ಇಮೇಲ್. ತಿರುಪ್ಪೂರಿಗೆ ಬರೆಯುವುದರಿಂದ ಅದು ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ಮಾನ್ಯರೇ,

ದರಗಳನ್ನು ಬಿಡಿಸಿ ಕೊಟ್ಟದ್ದಕ್ಕೆ ಧನ್ಯವಾದ. ನಾಲ್ಕು ಬಣ್ಣದ ಯೋಚನೆ ಬಿಟ್ಟಿದ್ದೇನೆ. ನಿಮ್ಮ ಸ್ಟಾಕಿನ ಕಪ್ಪು ಬಟ್ಟೆಯಲ್ಲೇ 200 ಪೀಸ್ ತೆಗೆದುಕೊಳ್ಳುತ್ತೇನೆ. 180 ಜಿಎಸ್‌ಎಂ, ಪೂರ್ತಿ ಹತ್ತಿ, ಕೋಂಬ್ಡ್ ನೂಲು, ದುಂಡು ಕತ್ತು, ಅರ್ಧ ತೋಳು. ಎಸ್ 20, ಎಂ 60, ಎಲ್ 70, ಎಕ್ಸ್ಎಲ್ 50. ಎದೆಯ ಮೇಲೆ ಹಳದಿ ಮತ್ತು ಕೆಂಪು, ಎರಡು ಬಣ್ಣದ ಒಂದೇ ಪ್ರಿಂಟ್. ಡಿಸೈನ್ ಲಗತ್ತಿಸಿದ್ದೇನೆ.

ಪ್ಯಾಟರ್ನ್, ಸ್ಯಾಂಪಲ್, ಸ್ಕ್ರೀನಿನ ಖರ್ಚನ್ನು ಪೀಸಿನ ದರದಲ್ಲಿ ಸೇರಿಸಬೇಡಿ, ಬೇರೆಯಾಗಿ 2,000 ರೂ. ಕೊಡುತ್ತೇನೆ. ಆಗ ಪೀಸಿಗೆ 190 ರೂ. ಆಗಬಹುದೇ? ಇದೇ ಡಿಸೈನ್ ಮತ್ತೆ ಆರ್ಡರ್ ಮಾಡಿದರೆ ಆ 2,000 ಮತ್ತೆ ಬೀಳಬಾರದು.

ಸ್ಯಾಂಪಲ್ ಒಪ್ಪಿದ ದಿನವೇ ಅರ್ಧ ಹಣ, ಸರಕು ಲಾರಿ ಆಫೀಸಿಗೆ ಹೋಗುವ ಮುಂಚೆ ಉಳಿದರ್ಧ. ಅಕ್ಟೋಬರ್ 5ರೊಳಗೆ ಸರಕು ಹೊರಡಬೇಕು. ಕತ್ತಿನ ರಿಬ್ ಕೂಡ ಅದೇ ಬಣ್ಣದ ಲಾಟಿನದೇ ಎಂದು ದಯವಿಟ್ಟು ಖಚಿತಪಡಿಸಿ.’

ಈ ಪತ್ರದಲ್ಲಿ ಆಕೆ ಮೂರನ್ನು ಬಿಟ್ಟುಕೊಟ್ಟಿದ್ದಾಳೆ: ಮೂರು ಬಣ್ಣ, ಅಂದುಕೊಂಡಿದ್ದಕ್ಕಿಂತ ಹೆಚ್ಚಿನ ಪೀಸು, ಮತ್ತು ಸಾಲದ ಆಸೆ. ಕೇಳಿದ್ದು ಒಂದೇ: ಮುನ್ನೂರರ ದರಕ್ಕೆ ಇನ್ನೂರು. ಅದೂ ಭಿಕ್ಷೆಯಲ್ಲ. 6,000ದಲ್ಲಿ 2,000ವನ್ನು ತಾನೇ ಹೊತ್ತಳು. ಉಳಿದ 4,000ವನ್ನು 200 ಪೀಸಿಗೆ ಹಂಚಿದರೆ ತಲಾ 20, ಅದಕ್ಕೆ 170 ಸೇರಿದರೆ 190. ಫ್ಯಾಕ್ಟರಿಯ ಲಾಭಕ್ಕೆ ಒಂದು ರೂಪಾಯಿಯೂ ಪೆಟ್ಟಾಗಲಿಲ್ಲ. ಎದುರಿನವರು ಲೆಕ್ಕ ಹಾಕಿ ನೋಡಿದಾಗ ‘ಇದು ನಡೆಯುತ್ತದೆ’ ಎನ್ನಿಸುವ ದರವನ್ನೇ ಆಕೆ ಕೇಳಿದ್ದಾಳೆ.

ಸ್ಕ್ರೀನಿನ ಹಣವನ್ನು ಬೇರೆಯಾಗಿ ಕೊಡುವುದರಲ್ಲಿ ಇನ್ನೊಂದು ಲಾಭವಿದೆ. ಪೀಸಿನ ದರದಲ್ಲಿ ಸೇರಿಹೋದ ಒಮ್ಮೆಯ ಖರ್ಚು ಮುಂದಿನ ಆರ್ಡರಿನಲ್ಲೂ ಸದ್ದಿಲ್ಲದೆ ಉಳಿದುಬಿಡುತ್ತದೆ. ಬೇರೆ ಸಾಲಿನಲ್ಲಿ ಬರೆದರೆ ಎರಡನೆಯ ಸಲ ಆ ಸಾಲು ಇರುವುದಿಲ್ಲ.

ಕತ್ತಿನ ರಿಬ್ಬಿನ ಮಾತು ಸಣ್ಣದಾದರೂ ಬಲ್ಲವರ ಮಾತು. ಟೀ ಶರ್ಟಿನ ಕತ್ತಿನ ಪಟ್ಟಿ ಬೇರೆ ಹೆಣಿಗೆಯ ಬಟ್ಟೆ. ಮೈಬಟ್ಟೆಯ ಜೊತೆಗೇ ಬಣ್ಣದಲ್ಲಿ ಬಿದ್ದಿರದಿದ್ದರೆ ಒಂದು ಕಪ್ಪು ಇನ್ನೊಂದು ಕಪ್ಪಿನ ಪಕ್ಕದಲ್ಲಿ ಬೂದಿ ಬಡಿದಂತೆ ಕಾಣುತ್ತದೆ. ಸ್ಟಾಕ್ ಬಟ್ಟೆ ಕೊಳ್ಳುವಾಗ ಈ ತೊಂದರೆ ಹೆಚ್ಚು, ಏಕೆಂದರೆ ಗೋಡೌನಿನಲ್ಲಿ ಉಳಿದಿರುವುದು ಮೈಬಟ್ಟೆ ಮಾತ್ರವೂ ಇರಬಹುದು.

ಎರಡು ಬಣ್ಣ, ಮೂರು ಸ್ಕ್ರೀನ್

ಫ್ಯಾಕ್ಟರಿಯ ಉತ್ತರ: ‘ಪೀಸಿಗೆ ರೂ. 196, ಒಮ್ಮೆಯ ಖರ್ಚು ರೂ. 2,500. ಕಪ್ಪಿನ ಮೇಲೆ ಹಳದಿಗೆ ಬಿಳಿ ಬೇಸ್ ಬೇಕು.’

ಇದು ಚೌಕಾಸಿಯ ಮೊಂಡಾಟವಲ್ಲ. ಕಪ್ಪು ಬಟ್ಟೆಯ ಮೇಲೆ ಹಳದಿಯನ್ನು ನೇರವಾಗಿ ಒತ್ತಿದರೆ ಅದು ಮಂಕಾಗಿ ಪಾಚಿಯಂತೆ ಕಾಣುತ್ತದೆ. ಮೊದಲು ಬಿಳಿಯನ್ನು ಒತ್ತಿ, ಒಣಗಿಸಿ, ಅದರ ಮೇಲೆ ಹಳದಿ, ಕೆಂಪು ಬರಬೇಕು. ಕಣ್ಣಿಗೆ ಎರಡು ಬಣ್ಣ, ಪ್ರಿಂಟರಿಗೆ ಮೂರು. ಒಂದು ಸ್ಕ್ರೀನ್ ಹೆಚ್ಚಾಯಿತು, ಅದಕ್ಕೆ 500. ಒಂದು ಒತ್ತು ಹೆಚ್ಚಾಯಿತು, ಅದಕ್ಕೆ ಪೀಸಿಗೆ 6 ರೂಪಾಯಿ. ಏರಿಸಿದ ದರಕ್ಕೆ ಹೀಗೆ ಕಾರಣ ಕೊಡುವವರೊಡನೆ ವ್ಯವಹಾರ ಮಾಡಬಹುದು. ಆಕೆ ಒಪ್ಪಿದಳು.

ಲೆಕ್ಕ: 200 ಪೀಸಿಗೆ 39,200, ಒಮ್ಮೆಯ ಖರ್ಚು 2,500, ಒಟ್ಟು 41,700. ಒಂದು ಪೀಸಿನ ಬೆಲೆ 2,500 ರೂಪಾಯಿ ಮೀರದ ಉಡುಪಿಗೆ ಈಗ ಜಿಎಸ್‌ಟಿ ಶೇ. 5, ಅಂದರೆ 2,085. ಲಾರಿ ಬಾಡಿಗೆ ಸಾವಿರ ಎಂದು ಹಿಡಿದರೆ ಹುಬ್ಬಳ್ಳಿಗೆ ಬಂದಿಳಿದಾಗ 44,785 ರೂಪಾಯಿ. ಒಂದು ಟೀ ಶರ್ಟಿಗೆ ಸುಮಾರು 224. ಇಮೇಲಿನಲ್ಲಿ ಓಡಾಡಿದ 196ಕ್ಕೂ ಮನೆ ಬಾಗಿಲಿನ 224ಕ್ಕೂ ಇರುವ ಅಂತರವನ್ನು ಮೊದಲೇ ಕೂಡಿ ನೋಡದವರು ಮಾರಾಟದ ಬೆಲೆ ಇಡುವಲ್ಲಿ ಎಡವುತ್ತಾರೆ. ಜಿಎಸ್‌ಟಿ ನೋಂದಣಿ ಇದ್ದವರು ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು.

‘ಮುನ್ನೂರು ತೆಗೆದುಕೊಂಡಿದ್ದರೆ ಅಗ್ಗವಾಗುತ್ತಿತ್ತಲ್ಲ’ ಎನ್ನುವವರು ಇರುತ್ತಾರೆ. ಮುನ್ನೂರಕ್ಕೆ 190ರಂತೆ 57,000 ಕೊಟ್ಟು, ರಾಜ್ಯೋತ್ಸವ ಮುಗಿಯುವಷ್ಟರಲ್ಲಿ ಇನ್ನೂರು ಮಾತ್ರ ಮಾರಿದರೆ ಆ ಒಂದೊಂದಕ್ಕೆ ಬಿದ್ದದ್ದು 285. ಉಳಿದ ನೂರು ಮುಂದಿನ ನವೆಂಬರಿನವರೆಗೆ ಮಂಚದ ಕೆಳಗೆ. ಹೊಸ ವ್ಯಾಪಾರಿಗೆ ದುಬಾರಿಯಾಗುವುದು ಪೀಸಿನ ದರವಲ್ಲ, ಮಾರದೆ ಉಳಿದ ಪೀಸು.

ಇನ್ನೂ ಜಗ್ಗಿದರೆ

‘180ಕ್ಕೆ ಕೊಡಿ, ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತೇನೆ’ ಎಂದು ಬರೆದಿದ್ದರೆ? ಒಪ್ಪುವ ಫ್ಯಾಕ್ಟರಿ ಸಿಗಬಹುದು. ಆದರೆ ಆ ಹದಿನಾರು ರೂಪಾಯಿ ಎಲ್ಲಿಂದಲೋ ಬರಬೇಕು. ಟೀ ಶರ್ಟಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದು. 180 ಜಿಎಸ್‌ಎಂ ಜಾಗದಲ್ಲಿ 160 ಹಾಕಿದರೆ ಬಟ್ಟೆಯಲ್ಲಿ ಒಂಬತ್ತಕ್ಕೊಂದು ಪಾಲು ಉಳಿಯುತ್ತದೆ. ಬಟ್ಟೆಯ ಖರ್ಚು ನೂರು ರೂಪಾಯಿ ಇದ್ದರೆ ಹನ್ನೊಂದು ರೂಪಾಯಿ ಅಲ್ಲೇ ಸಿಕ್ಕಿತು. ಕೋಂಬ್ಡ್ ಬದಲು ಕಾರ್ಡೆಡ್ ನೂಲಿನ ಬಟ್ಟೆ ಬಳಸಿದರೆ ಉಳಿದದ್ದೂ ಸಿಗುತ್ತದೆ. ಹೊಸದಾಗಿ ಮಡಚಿಟ್ಟ ಟೀ ಶರ್ಟಿನಲ್ಲಿ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಗಿರಾಕಿ ಎರಡು ಸಲ ಒಗೆದ ಮೇಲೆ ತಿಳಿಯುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಒಗೆಯದ ಒಂದು ಪೀಸಿನಿಂದ, ಪ್ರಿಂಟ್ ಇಲ್ಲದ ಬೆನ್ನಿನ ಕಡೆ, ಎಳೆಯದೆ ಹಾಸಿ, ಹತ್ತು ಸೆಂಟಿಮೀಟರ್ ಉದ್ದ ಹತ್ತು ಸೆಂಟಿಮೀಟರ್ ಅಗಲದ ಚೌಕ ಕತ್ತರಿಸಿ. ಅಕ್ಕಸಾಲಿಗರು ಬಳಸುವಂಥ ಚಿಕ್ಕ ತಕ್ಕಡಿಯಲ್ಲಿ ತೂಗಿ. 1.8 ಗ್ರಾಂ ಬಂದರೆ 180 ಜಿಎಸ್‌ಎಂ. ಶೇ. 5ರಷ್ಟು ಹೆಚ್ಚುಕಡಿಮೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ, ಅಂದರೆ 1.71ರಿಂದ 1.89. ಮುಳ್ಳು 1.6ರಲ್ಲಿ ನಿಂತರೆ ಬಟ್ಟೆ ತೆಳುವಾಗಿದೆ. ಕುಗ್ಗುವುದನ್ನು ನೋಡಲು ಇನ್ನೊಂದು ಪೀಸಿನ ಮೇಲೆ 50 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಒಗೆದು ಒಣಗಿಸಿ ಅಳೆಯಿರಿ. 48 ಬಂದರೆ ಶೇ. 4 ಕುಗ್ಗಿದೆ ಎಂದು ಲೆಕ್ಕ.

ಈ ಪರೀಕ್ಷೆಗೆ ಬೆಲೆ ಬರುವುದು ಅಳತೆಗಳು ಇಮೇಲಿನಲ್ಲಿ ಮೊದಲೇ ಇದ್ದಾಗ. ‘ಒಳ್ಳೆಯ ಕ್ವಾಲಿಟಿ ಬೇಕು’ ಎಂದು ಬರೆದವರು ತೆಳು ಬಟ್ಟೆ ಬಂದಾಗ ಜಗಳವಾಡಲು ಆಧಾರವಿರುವುದಿಲ್ಲ. ಅದಕ್ಕೇ ಮುಂಗಡ ಕಳಿಸುವ ದಿನದ ಇಮೇಲಿನಲ್ಲಿ ಆಕೆ ಮತ್ತೆ ಎಲ್ಲವನ್ನೂ ಬರೆದಳು: 180 ಜಿಎಸ್‌ಎಂ, ಐದರ ಒಳಗಿನ ಹೆಚ್ಚುಕಡಿಮೆ, ಕುಗ್ಗುವಿಕೆ ಶೇ. 5ರೊಳಗೆ, ಹೊಲಿಗೆ ಅಥವಾ ಪ್ರಿಂಟ್ ಕೆಟ್ಟ ಪೀಸಿಗೆ ಹಣ ವಾಪಸು. ಒಪ್ಪಿದ ಸ್ಯಾಂಪಲ್ ಎರಡು ಮಾಡಿಸಿ ಒಂದನ್ನು ತಾನಿಟ್ಟುಕೊಂಡಳು, ಇನ್ನೊಂದು ಫ್ಯಾಕ್ಟರಿಯಲ್ಲಿ.

ಇನ್ನೂರರಲ್ಲಿ ಮೊದಲು ಖಾಲಿಯಾದದ್ದು ಎಕ್ಸ್ಎಲ್ ಎಂದುಕೊಳ್ಳಿ, ಕೊನೆಗೆ ಉಳಿದದ್ದು ನಾಲ್ಕಾರು ಎಸ್. ಆಗ ಆಕೆಯ ಮುಂದಿನ ಇಮೇಲ್ ಬಲು ಚಿಕ್ಕದು: ‘ಅದೇ ಸ್ಯಾಂಪಲ್, ಅದೇ ಸ್ಕ್ರೀನ್, ಕಪ್ಪು 300. ಎಸ್ 15, ಎಂ 85, ಎಲ್ 105, ಎಕ್ಸ್ಎಲ್ 95. ದರ ಎಷ್ಟು?’ ಪ್ರತಿ ಸಲದ 4,000ವನ್ನು ಈಗ ಮುನ್ನೂರಕ್ಕೆ ಹಂಚಬೇಕು, ಬಿಳಿ ಬೇಸಿನ 6 ರೂಪಾಯಿ ಹಾಗೇ ಇರುತ್ತದೆ. ನೂಲಿನ ದರ ಏರಿರದಿದ್ದರೆ ಉತ್ತರ 190ರ ಆಸುಪಾಸಿನಲ್ಲಿರಬೇಕು ಎಂಬುದು ಕೇಳುವ ಮೊದಲೇ ಆಕೆಗೆ ಗೊತ್ತು.